ಉಗಮಸ್ಥಾನದಲ್ಲಿ ಎಳೆಗಳು ಬೇರ್ಪಡುವ ಬಗೆ: ಒಂದು ಪರೀಕ್ಷಾಪ್ರಬಂಧದ ರೂಪರೇಖೆ

ಡಿಎನ್‌ಎಯ ದ್ವಿಗುಣೀಕರಣವು ಉಗಮಸ್ಥಾನಗಳಲ್ಲಿ ಹೇಗೆ ಆರಂಭವಾಗುವುದೆಂಬುದನ್ನು ಹೆಲಿಕೇಸ್ ಮತ್ತು ಟೋಪೋಐಸೋಮರೇಸ್ ಕಿಣ್ವಗಳ ಪಾತ್ರಸಹಿತವಾಗಿ ವಿವರಿಸಬೇಕೆಂಬ ಪ್ರಶ್ನೆಯು ಪದವಿ ತರಗತಿಗಳ ಜೀವವಿಜ್ಞಾನದ ಪ್ರಶ್ನಪತ್ರಿಕೆಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವಂಥದು. ಇದಕ್ಕೆ ವಿದ್ಯಾರ್ಥಿಗಳು ಬರೆಯುವ ಉತ್ತರಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಎರಕಗೊಂಡಿರುತ್ತವೆ: ಮೊದಲು ಉಗಮಸ್ಥಾನವೆಂದರೇನೆಂಬ ಒಂದು ವ್ಯಾಖ್ಯೆ, ಆಮೇಲೆ ಹೆಲಿಕೇಸ್ ಎಳೆಗಳನ್ನು ಬಿಡಿಸುತ್ತದೆಂಬ ಒಂದು ವಾಕ್ಯ, ಕಟ್ಟಕಡೆಗೆ ಟೋಪೋಐಸೋಮರೇಸ್ ಬಿಗಿತವನ್ನು ಸಡಿಲಿಸುತ್ತದೆಂಬ ಇನ್ನೊಂದು ವಾಕ್ಯ. ಈ ಮೂರು ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಅವನ್ನು ಜೋಡಿಸಿರುವ ಅನುಕ್ರಮವು ವಿಷಯದ ಮರ್ಮವನ್ನೇ ಮರೆಮಾಡಿಬಿಡುತ್ತದೆ. ಟೋಪೋಐಸೋಮರೇಸಿನ ಕೆಲಸವು ಹೆಲಿಕೇಸ್ ಬಂದುಹೋದ ಮೇಲೆ ಮೊದಲಾಗುವುದಲ್ಲ. ಹೆಲಿಕೇಸ್ ಉಗಮಸ್ಥಾನವನ್ನು ಮುಟ್ಟುವುದಕ್ಕೆ ಮುನ್ನವೇ ಅದು ತನ್ನ ಪಾಲಿನ ಅರ್ಧ ಕಾರ್ಯವನ್ನು ಮಾಡಿ ಮುಗಿಸಿರುತ್ತದೆ. ಈ ಒಂದು ಅಂಶವನ್ನು ಹಿಡಿದು ಪ್ರಬಂಧವನ್ನು ಕಟ್ಟಿದರೆ ಉಳಿದ ವಿವರಗಳೆಲ್ಲವೂ ತಮ್ಮ ತಮ್ಮ ಸ್ಥಾನಗಳಲ್ಲಿ ತಾವಾಗಿಯೇ ಕುಳಿತುಕೊಳ್ಳುವುವೆಂದು ನಾನು ನಂಬಿದ್ದೇನೆ.

ಬರೆಯುವುದಕ್ಕೆ ಮೊದಲು ಪ್ರಶ್ನೆಯ ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ಪ್ರಶ್ನೆಯು ಕೇಳುತ್ತಿರುವುದು ಆರಂಭವನ್ನು. ಆದಕಾರಣ ಮುಂದೆಳೆ, ಹಿಂದೆಳೆ, ಓಕಜಾಕಿ ತುಣುಕುಗಳು, ಪಾಲಿಮರೇಸಿನ ತಪ್ಪು ತಿದ್ದುವ ಶಕ್ತಿ, ಮುಕ್ತಾಯದ ಕ್ರಮ ಮುಂತಾದುವು ಎಷ್ಟೇ ಚೆನ್ನಾಗಿ ಕಂಠಸ್ಥವಾಗಿದ್ದರೂ ಅವಕ್ಕೆ ಇಲ್ಲಿ ಎಡೆಯಿಲ್ಲ. ಮೊದಲನೆಯ ಪ್ರೈಮರ್ ಎಳೆಯ ಮೇಲೆ ಬಿದ್ದ ಕ್ಷಣದಲ್ಲಿ ಆರಂಭದ ಕಥೆ ಮುಗಿಯುತ್ತದೆ. ಅದರಾಚೆಗೆ ಕವಲು ಓಡುತ್ತಿರುವಾಗ ಉಂಟಾಗುವ ತಿರುಚಿನ ವಿಚಾರವಷ್ಟೇ, ಟೋಪೋಐಸೋಮರೇಸನ್ನು ಪ್ರಶ್ನೆಯು ಹೆಸರಿಸಿರುವುದರಿಂದ, ಉತ್ತರದೊಳಗೆ ಬರತಕ್ಕದ್ದು.

ಎರಡನೆಯದಾಗಿ, ಯಾವುದಾದರೂ ಒಂದು ಜೀವಿಯನ್ನು ಆರಿಸಿಕೊಂಡು ಅದರಲ್ಲಿಯೇ ನಿಲ್ಲುವುದು ಒಳಿತು. ಬ್ಯಾಕ್ಟೀರಿಯಾದ ಹೆಸರುಗಳನ್ನೂ ಮಾನವಕೋಶದ ಹೆಸರುಗಳನ್ನೂ ಒಂದೇ ಕಂಡಿಕೆಯಲ್ಲಿ ಬೆರೆಸಿದ ಉತ್ತರದಲ್ಲಿ ಯಾವ ಕಿಣ್ವವು ಯಾವ ದಿಕ್ಕಿಗೆ ಚಲಿಸುವುದೆಂಬುದು ಓದುವವರಿಗೂ ತಿಳಿಯದು, ಬರೆದವರಿಗೂ ತಿಳಿಯದು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಈ ಕಾರ್ಯಕ್ಕೆ ಅತ್ಯಂತ ಯೋಗ್ಯವಾದುದು. ಏಕೆಂದರೆ ಅದರ ವರ್ಣತಂತುವು ಸುಮಾರು 46 ಲಕ್ಷ ಪ್ರತ್ಯಾಮ್ಲ ಜೋಡಿಗಳ ಒಂದೇ ಒಂದು ಮುಚ್ಚಿದ ವೃತ್ತ, ಮತ್ತು ಆ ವೃತ್ತದಲ್ಲಿ ಉಗಮಸ್ಥಾನವಿರುವುದೂ ಒಂದೇ. ಆ ಸ್ಥಾನಕ್ಕೆ ಓರಿ-ಸಿ ಎಂದು ಹೆಸರು. 1963ರಲ್ಲಿ ಜಾಕೋಬ್, ಬ್ರೆನರ್ ಮತ್ತು ಕ್ಯೂಜ಼ಾಂ ಎಂಬ ಮೂವರು ವಿಜ್ಞಾನಿಗಳು, ಡಿಎನ್‌ಎಯಲ್ಲಿ ಗೊತ್ತಾದ ಒಂದು ಸ್ಥಾನವಿದ್ದು, ಅದನ್ನು ಗುರುತಿಸಿ ಕಾರ್ಯಾರಂಭ ಮಾಡುವ ಪ್ರೋಟೀನೊಂದು ಬೇರೆಯಾಗಿ ಇರಬೇಕೆಂದು ಊಹಿಸಿದ್ದರು. ಓರಿ-ಸಿ ಆ ಸ್ಥಾನವಾದರೆ ಡ್ನಾ-ಎ ಎಂಬುದು ಆ ಪ್ರೋಟೀನು. ಈ ಒಂದು ವಾಕ್ಯದ ಇತಿಹಾಸವು ಪ್ರಬಂಧದ ಪೀಠಿಕೆಗೆ ಸಾಕು.

ಇನ್ನು ಉಗಮಸ್ಥಾನದ ರಚನೆ. ಓರಿ-ಸಿಯ ಉದ್ದವು ಸುಮಾರು 245 ಜೋಡಿಗಳಷ್ಟು ಮಾತ್ರ. ಅದರಲ್ಲಿ ಎರಡು ಬಗೆಯ ಭಾಗಗಳಿವೆಯೆಂಬುದನ್ನು ವಿದ್ಯಾರ್ಥಿಯು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಬೇಕು. ಒಂದು ಭಾಗವು ಡ್ನಾ-ಎ ಪ್ರೋಟೀನು ಬಂದು ಹಿಡಿದುಕೊಳ್ಳುವ, ಒಂಬತ್ತು ಜೋಡಿಗಳಷ್ಟು ಉದ್ದದ ತಾಣಗಳಿಂದ ಕೂಡಿದುದು. ಇನ್ನೊಂದು ಭಾಗದಲ್ಲಿ ಹದಿಮೂರು ಜೋಡಿಗಳ ಒಂದು ಕ್ರಮವು ಮೂರು ಸಲ ಆವರ್ತಿಸುತ್ತದೆ. ಅಲ್ಲಿ ಅಡೆನೀನ್ ಮತ್ತು ಥೈಮೀನ್‌ಗಳೇ ಹೆಚ್ಚು. ಹಿಡಿದುಕೊಳ್ಳುವ ಸ್ಥಳ ಒಂದು, ತೆರೆದುಕೊಳ್ಳುವ ಸ್ಥಳ ಮತ್ತೊಂದು ಎಂಬ ಈ ಭೇದವನ್ನು ಅನೇಕರು ಗಮನಿಸುವುದಿಲ್ಲ. ಅಡೆನೀನ್-ಥೈಮೀನ್ ಜೋಡಿಗೆ ಎರಡೇ ಹೈಡ್ರೋಜನ್ ಬಂಧಗಳಿರುವುದನ್ನು ಮಾತ್ರ ಎಲ್ಲರೂ ಬರೆಯುತ್ತಾರೆ. ಅದು ಸರಿಯಾದ ಮಾತು. ಆದರೆ ಅಂಥ ಜೋಡಿಗಳು ಹೆಚ್ಚಾಗಿರುವ ಭಾಗಗಳು ವರ್ಣತಂತುವಿನಲ್ಲಿ ಬೇರೆಡೆಯೂ ಇರುವಾಗ ಅವು ತಾವಾಗಿಯೇ ತೆರೆದುಕೊಳ್ಳದಿರುವುದೇಕೆ ಎಂದು ಕೇಳಿದರೆ ಆ ಮಾತಿನಿಂದ ಉತ್ತರ ದೊರೆಯದು.

ಉತ್ತರವು ದೊರೆಯುವುದು ವರ್ಣತಂತುವಿನ ಒಟ್ಟು ಸ್ಥಿತಿಯಲ್ಲಿ. ಸಹಜಾವಸ್ಥೆಯ ದ್ವಿಸುರುಳಿಯಲ್ಲಿ ಸುಮಾರು ಹತ್ತೂವರೆ ಜೋಡಿಗಳಿಗೆ ಒಂದು ಸುತ್ತು ಬೀಳುತ್ತದೆ. ಇ. ಕೋಲೈಯ ವರ್ಣತಂತುವಿನಲ್ಲಾದರೋ ನೂರು ಸುತ್ತುಗಳಿರಬೇಕಾದ ಕಡೆಯಲ್ಲಿ ಸರಾಸರಿ ಆರು ಸುತ್ತುಗಳು ಕಡಿಮೆಯಾಗಿರುತ್ತವೆ. ವೃತ್ತವು ಮುಚ್ಚಿಕೊಂಡಿರುವುದರಿಂದ ಈ ಕೊರತೆಯು ತುದಿಗಳಲ್ಲಿ ಬಿಚ್ಚಿ ಸರಿಹೋಗುವಂತಿಲ್ಲ. ಅಣುವು ತನ್ನ ಮೇಲೆ ತಾನೇ ಮಡಿಸಿ ಸುತ್ತಿಕೊಂಡು ಆ ಕೊರತೆಯನ್ನು ಒಂದು ಬಗೆಯ ಸೆಡೆತವಾಗಿ ಧರಿಸಿಕೊಂಡಿರುತ್ತದೆ. ಇದನ್ನೇ ಋಣ ಅತಿಸುರುಳಿಯೆನ್ನುವುದು. ಇಂಥ ಅಣುವಿನಲ್ಲಿ ಎಲ್ಲಿಯಾದರೂ ಕೆಲವು ಜೋಡಿಗಳು ಬೇರ್ಪಟ್ಟರೆ ಆ ಸೆಡೆತವು ಅಷ್ಟರಮಟ್ಟಿಗೆ ಶಮನವಾಗುವುದರಿಂದ, ಎಳೆಗಳನ್ನು ತೆರೆಯುವ ಕೆಲಸಕ್ಕೆ ಬೇಕಾದ ಶಕ್ತಿಯ ಒಂದು ಪಾಲು ಅಣುವಿನೊಳಗೇ ಸಿದ್ಧವಾಗಿ ಸಂಗ್ರಹಗೊಂಡಿರುತ್ತದೆಂದು ಹೇಳಬಹುದು. ಈ ಸಂಗ್ರಹವನ್ನು ಎಟಿಪಿಯನ್ನು ವ್ಯಯಿಸಿ ನಿರ್ಮಿಸಿಟ್ಟದ್ದು ಯಾವುದೆಂದರೆ ಗೈರೇಸ್; ಅದು ಟೋಪೋಐಸೋಮರೇಸ್‌ಗಳ ಕುಲಕ್ಕೆ ಸೇರಿದ ಕಿಣ್ವ, 1976ರಲ್ಲಿ ಮಾರ್ಟಿನ್ ಗೆಲರ್ಟ್ ಮತ್ತು ಆತನ ಸಂಗಡಿಗರು ಕಂಡುಹಿಡಿದುದು. ಹೀಗೆ ಪ್ರಬಂಧದಲ್ಲಿ ಟೋಪೋಐಸೋಮರೇಸಿನ ಹೆಸರು ಮೊದಲು ಬರಬೇಕಾದ ಸ್ಥಳವು ಇದು, ಡ್ನಾ-ಎಯ ವರ್ಣನೆಗೂ ಹಿಂದೆ.

ಆಮೇಲೆ ಡ್ನಾ-ಎ. ಎಟಿಪಿಯನ್ನು ಧರಿಸಿದ ಡ್ನಾ-ಎ ಅಣುಗಳು ಒಂಬತ್ತು ಜೋಡಿಗಳ ತಾಣಗಳನ್ನು ಹಿಡಿದು, ಒಂದರ ಪಕ್ಕದಲ್ಲೊಂದು ಸಾಲಾಗಿ ಕೂಡಿಕೊಂಡು, ಡಿಎನ್‌ಎಯನ್ನು ಬಾಗಿಸುವ ಸಹಾಯಕ ಪ್ರೋಟೀನುಗಳ ನೆರವಿನಿಂದ ಪಕ್ಕದ ಅಡೆನೀನ್-ಥೈಮೀನ್ ಭಾಗದ ಮೇಲೆ ಒತ್ತಡವನ್ನು ತರುತ್ತವೆ. ಮೊದಲೇ ಸೆಡೆತುಕೊಂಡಿದ್ದ ಆ ಭಾಗವು ಆಗ ಕೆಲವೇ ಹತ್ತು ಜೋಡಿಗಳಷ್ಟು ತೆರೆದುಕೊಳ್ಳುತ್ತದೆ. ಎಡಿಪಿಯನ್ನು ಧರಿಸಿದ ಡ್ನಾ-ಎಯೂ ತಾಣವನ್ನು ಹಿಡಿಯಬಲ್ಲುದು, ಆದರೆ ತೆರೆಯಲಾರದು. ಈ ತೆರವು ನಿಜವಾಗಿ ಆಗುತ್ತದೆಂದು ತಿಳಿದ ಬಗೆಯೇನೆಂಬುದನ್ನು ಉತ್ತರದಲ್ಲಿ ಸೇರಿಸಿದರೆ ಅದಕ್ಕೆ ಬೆಲೆ ಹೆಚ್ಚುತ್ತದೆ. 1988ರಲ್ಲಿ ಬ್ರಾಮ್‌ಹಿಲ್ ಮತ್ತು ಆರ್ಥರ್ ಕಾರ್ನ್‌ಬರ್ಗ್ ಅವರು ಓರಿ-ಸಿಯನ್ನು ಹೊತ್ತ ಚಿಕ್ಕ ವೃತ್ತಾಕಾರದ ಡಿಎನ್‌ಎಗೆ ಡ್ನಾ-ಎಯನ್ನೂ ಎಟಿಪಿಯನ್ನೂ ಸೇರಿಸಿ, ಒಂಟಿ ಎಳೆಯನ್ನು ಮಾತ್ರ ಕತ್ತರಿಸಬಲ್ಲ ಪಿ-1 ಎಂಬ ಕಿಣ್ವವನ್ನು ಅದರ ಮೇಲೆ ಬಿಟ್ಟು ನೋಡಿದರು. ಕಿಣ್ವವು ಕತ್ತರಿಸಿದ್ದು ಹದಿಮೂರು ಜೋಡಿಗಳ ಆ ಆವರ್ತನಗಳಿರುವ ಭಾಗದಲ್ಲಿಯೇ. ಎರಡೆಳೆ ಒಂದಕ್ಕೊಂದು ಕೂಡಿದ್ದರೆ ಅಲ್ಲಿ ಕತ್ತರಿ ಬೀಳುತ್ತಿರಲಿಲ್ಲ. ಅತಿಸುರುಳಿಯ ಸೆಡೆತವಿಲ್ಲದೆ ಸಡಿಲವಾಗಿ ಬಿದ್ದಿರುವ ವೃತ್ತದಲ್ಲಿ ಈ ತೆರವು ಸುಲಭವಾಗಿ ಉಂಟಾಗುವುದಿಲ್ಲವೆಂಬುದೂ ಇಂಥ ಪ್ರಯೋಗಗಳಿಂದಲೇ ವ್ಯಕ್ತಪಟ್ಟಿತು.

ಇಲ್ಲಿ ಒಂದು ಪದಪ್ರಯೋಗದ ಎಚ್ಚರಿಕೆ ಅವಶ್ಯ. ಉಗಮಸ್ಥಾನವನ್ನು ಮೊದಲು ತೆರೆಯುವುದು ಹೆಲಿಕೇಸ್ ಎಂದು ಬರೆಯುವುದು ಈ ಪ್ರಶ್ನೆಯ ಉತ್ತರಗಳಲ್ಲಿ ನಾನು ಕಂಡ ಅತ್ಯಂತ ಸಾಮಾನ್ಯವಾದ ತಪ್ಪು. ತೆರೆಯುವುದು ಡ್ನಾ-ಎ; ತೆರೆದ ಬಾಯನ್ನು ಅಗಲಿಸುತ್ತ ಮುಂದೆ ಮುಂದೆ ಸಾಗುವುದು ಹೆಲಿಕೇಸ್. ಹೆಲಿಕೇಸಿಗೆ ಕಾಲೂರಲು ಒಂಟಿ ಎಳೆಯ ಒಂದಿಷ್ಟು ನೆಲವಾದರೂ ಬೇಕು. ಆ ನೆಲವನ್ನು ಒದಗಿಸಿಕೊಡುವುದೇ ಡ್ನಾ-ಎಯ ಸಾಧನೆ.

ಇ. ಕೋಲೈಯ ಹೆಲಿಕೇಸಿಗೆ ಡ್ನಾ-ಬಿ ಎಂದು ಹೆಸರು. ಆರು ಉಪಘಟಕಗಳು ಸೇರಿ ಆದ ಉಂಗುರವದು. ಉಂಗುರವು ಮುಚ್ಚಿಕೊಂಡಿದ್ದರೆ, ತುದಿಯೇ ಇಲ್ಲದ ವೃತ್ತಾಕಾರದ ಎಳೆಯು ಅದರೊಳಗೆ ಹೋಗುವುದು ಹೇಗೆಂಬ ಪ್ರಶ್ನೆಯು ಇಲ್ಲಿ ಸಹಜವಾಗಿ ಏಳುತ್ತದೆ, ಮತ್ತು ಏಳಲೇಬೇಕು. ಡ್ನಾ-ಸಿ ಎಂಬ ಸಹಚರ ಪ್ರೋಟೀನು ಉಂಗುರವನ್ನು ಹಿಡಿದು ಅದರಲ್ಲೊಂದು ಸೀಳು ತೆರೆದಿರುವಂತೆ ನೋಡಿಕೊಂಡು ಅದನ್ನು ಒಂಟಿ ಎಳೆಯ ಮೇಲೆ ಕೂರಿಸಿ, ಆಮೇಲೆ ತಾನು ಕಳಚಿಕೊಳ್ಳುತ್ತದೆ. ಡ್ನಾ-ಸಿ ಬಿಟ್ಟಗಲುವ ತನಕ ಉಂಗುರವು ಚಲಿಸುವುದಿಲ್ಲವೆಂಬುದನ್ನು ಮರೆಯಬಾರದು. ಹೀಗೆ ಕೂರುವ ಉಂಗುರಗಳು ಒಂದಲ್ಲ, ಎರಡು: ತೆರೆದ ಬಾಯಿಯ ಮೇಲಿನ ಎಳೆಗೆ ಒಂದು, ಕೆಳಗಿನ ಎಳೆಗೆ ಇನ್ನೊಂದು. ಪ್ರತಿಯೊಂದೂ ತಾನು ಕುಳಿತ ಎಳೆಯ ಮೇಲೆ 5' ತುದಿಯಿಂದ 3' ತುದಿಯ ಕಡೆಗೆ ಎಟಿಪಿಯ ಬಲದಿಂದ ಸಾಗುತ್ತ, ಎದುರೆಳೆಯನ್ನು ಉಂಗುರದ ಹೊರಗೆ ತಳ್ಳಿ ಬೇರ್ಪಡಿಸುತ್ತದೆ. ಎರಡು ಎಳೆಗಳು ಪರಸ್ಪರ ವಿರುದ್ಧ ದಿಕ್ಕಿನವಾದುದರಿಂದ ಎರಡು ಉಂಗುರಗಳೂ ವಿರುದ್ಧ ದಿಕ್ಕಿಗೇ ಹೊರಡುತ್ತವೆ. ಉಗಮಸ್ಥಾನವೊಂದರಿಂದ ಎರಡು ಕವಲುಗಳು ಹುಟ್ಟುವುದಕ್ಕೆ ಕಾರಣವು ಇದೇ. ಬೇರ್ಪಟ್ಟ ಎಳೆಗಳು ಮತ್ತೆ ಕೂಡದಂತೆ ಒಂಟಿ ಎಳೆಗೆ ಅಂಟುವ ಪ್ರೋಟೀನುಗಳು ಅವನ್ನು ಆವರಿಸಿಕೊಳ್ಳುತ್ತವೆ. ಡ್ನಾ-ಜಿ ಎಂಬ ಪ್ರೈಮೇಸ್ ಬಂದು ಡ್ನಾ-ಬಿಯನ್ನು ಕೂಡಿಕೊಂಡು ಆರ್‌ಎನ್‌ಎಯ ಮೊದಲ ಪ್ರೈಮರನ್ನು ಬರೆಯುತ್ತದೆ. ಇಲ್ಲಿ ಒಂದು ಚಿತ್ರ ಬೇಕು. ಚಿತ್ರದಲ್ಲಿ ನಾಲ್ಕು ತುದಿಗಳಿಗೂ 5', 3' ಎಂಬ ಗುರುತುಗಳಿರಬೇಕು, ಉಂಗುರವು ಹಿಂದೆಳೆಗೆ ಅಚ್ಚಾಗುವ ಎಳೆಯ ಮೇಲೆಯೇ ಕುಳಿತಿರಬೇಕು. ಗುರುತಿಲ್ಲದ ಚಿತ್ರವು ಏನನ್ನೂ ಸಾಧಿಸದು.

ಇಲ್ಲಿಂದ ಮುಂದೆ ಗೈರೇಸಿನ ಎರಡನೆಯ ಪ್ರವೇಶ. ಎರಡು ಹುರಿಗಳನ್ನು ಹೊಸೆದ ತೆಂಗಿನ ನಾರಿನ ಹಗ್ಗವೊಂದರ ಆಚೆಯ ತುದಿಯನ್ನು ಗೂಟಕ್ಕೆ ಬಿಗಿದು, ಈಚೆಯ ತುದಿಯ ಎರಡು ಹುರಿಗಳನ್ನು ಎರಡು ಕೈಗಳಲ್ಲಿ ಹಿಡಿದು ಎಳೆಯುತ್ತ ಹೋದರೆ, ಬಿಚ್ಚಿದ ಭಾಗದ ಹೊಸೆತವೆಲ್ಲವೂ ಬಿಚ್ಚದ ಭಾಗಕ್ಕೆ ಸರಿದು, ಹಗ್ಗವು ಬಿಗಿಯಾಗಿ ಗಂಟುಗಂಟಾಗಿ, ಕಡೆಗೆ ಒಂದಂಗುಲವೂ ಮುಂದೆ ಬಿಚ್ಚದೆ ನಿಂತುಬಿಡುತ್ತದೆ. ಎಳೆಗಳನ್ನು ಬೇರ್ಪಡಿಸುವುದೇ ಬೇರೆ, ಹೊಸೆತವನ್ನು ಇಲ್ಲದಂತೆ ಮಾಡುವುದೇ ಬೇರೆ. ಹೆಲಿಕೇಸ್ ಮೊದಲನೆಯದನ್ನು ಮಾಡಬಲ್ಲುದು, ಎರಡನೆಯದನ್ನು ಮಾಡಲಾರದು. ಅದು ಹೊಸೆತವನ್ನು ತನ್ನ ಮುಂದಕ್ಕೆ ದೂಡುವುದಷ್ಟೇ. ವಾಟ್ಸನ್ ಮತ್ತು ಕ್ರಿಕ್ ದ್ವಿಸುರುಳಿಯನ್ನು ಪ್ರಕಟಿಸಿದ ಮರುವರ್ಷ, ಅಂದರೆ 1954ರಲ್ಲಿಯೇ, ಮ್ಯಾಕ್ಸ್ ಡೆಲ್‌ಬ್ರುಕ್ ಈ ತೊಡಕನ್ನು ಎತ್ತಿ ತೋರಿಸಿ, ಎಳೆಗಳನ್ನು ಅಲ್ಲಲ್ಲಿ ಕಡಿದು ಮತ್ತೆ ಕೂಡಿಸದೆ ಇದು ಆಗಲಾರದೇನೋ ಎಂಬ ಶಂಕೆಯನ್ನು ವ್ಯಕ್ತಪಡಿಸಿದ್ದನು. ಕಡಿದು ಕೂಡಿಸುವ ಅಂಥ ಕಿಣ್ವವೊಂದು ಇ. ಕೋಲೈಯಲ್ಲಿ ನಿಜವಾಗಿಯೂ ಇರುವುದನ್ನು ಜೇಮ್ಸ್ ವಾಂಗ್ 1971ರಲ್ಲಿ ತೋರಿಸಿದನು.

ತೊಡಕಿನ ಪ್ರಮಾಣವನ್ನು ಲೆಕ್ಕದಿಂದ ತೋರಿಸುವುದು ಉತ್ತಮ. 46 ಲಕ್ಷ ಜೋಡಿಗಳನ್ನು ಹತ್ತೂವರೆಯಿಂದ ಭಾಗಿಸಿದರೆ ಸುಮಾರು 4,40,000 ಸುತ್ತುಗಳು. ಮರಿವೃತ್ತಗಳು ಒಂದನ್ನೊಂದು ಬಿಟ್ಟು ಹೋಗಬೇಕಾದರೆ ಇವುಗಳಲ್ಲಿ ಒಂದೂ ಉಳಿಯಕೂಡದು. ವರ್ಣತಂತುವೆಲ್ಲ ದ್ವಿಗುಣವಾಗಲು ಹಿಡಿಯುವ ಕಾಲವು ಸುಮಾರು 40 ನಿಮಿಷ, ಎಂದರೆ 2,400 ಸೆಕೆಂಡು. ಆದ್ದರಿಂದ ಸೆಕೆಂಡಿಗೆ ಹೆಚ್ಚುಕಡಿಮೆ 180 ಸುತ್ತು, ಕವಲೊಂದಕ್ಕೆ 90. ಕವಲೊಂದರ ವೇಗ ಸೆಕೆಂಡಿಗೆ ಸುಮಾರು ಸಾವಿರ ಜೋಡಿಗಳು. ಕೆಲವು ಪಠ್ಯಗಳಲ್ಲಿ ಕಾಣುವ ಎರಡು ಸಾವಿರವೆಂಬ ಸಂಖ್ಯೆಯು ಎರಡು ಕವಲುಗಳ ಮೊತ್ತವೆಂದು ತಿಳಿದರೆ ಗೊಂದಲವಿಲ್ಲ. ಗೈರೇಸ್ ಒಂದಾವರ್ತಿ ಕೆಲಸ ಮಾಡಿದಾಗ ಎರಡು ಸುತ್ತುಗಳನ್ನು ಕಳೆಯುತ್ತದೆ. ಹಾಗಾದರೆ ಪ್ರತಿಯೊಂದು ಕವಲಿನ ಮುಂದೆಯೂ ಸೆಕೆಂಡಿಗೆ ನಲವತ್ತೈದು ಆವರ್ತಿಗಳು ನಡೆಯಬೇಕು, ಮತ್ತು ಅದು ಒಂದೇ ಅಣುವಿನ ಶಕ್ತಿಗೆ ಮೀರಿದ ಕೆಲಸವಾದುದರಿಂದ ಅನೇಕ ಗೈರೇಸ್ ಅಣುಗಳು ಏಕಕಾಲದಲ್ಲಿ ದುಡಿಯಬೇಕು.

ಇದೇ ಲೆಕ್ಕದಿಂದ ಮೊದಲಿನ ಸಂಗ್ರಹದ ಬೆಲೆಯನ್ನೂ ಕಟ್ಟಬಹುದು. ನೂರಕ್ಕೆ ಆರರಂತೆ ಕೊರತೆಯಾಗಿದ್ದ ಸುತ್ತುಗಳು ಇಡೀ ವೃತ್ತದಲ್ಲಿ ಸುಮಾರು 26,000. ಗೈರೇಸ್ ಉಗಮಕಾಲದಲ್ಲಿ ಕೆಲಸ ನಿಲ್ಲಿಸಿಬಿಟ್ಟಿತೆಂದು ಭಾವಿಸಿದರೆ, ಕವಲುಗಳು ದೂಡುವ ಹೊಸೆತವನ್ನು ಈ ಕೊರತೆಯು ನುಂಗಿಕೊಳ್ಳಬಲ್ಲುದು ಎರಡೂವರೆ ನಿಮಿಷಕ್ಕೂ ಕಡಿಮೆ ಕಾಲ ಮಾತ್ರ. ಜೀವಕೋಶದಲ್ಲಿ ಆ ಕೊರತೆಯ ಒಂದು ದೊಡ್ಡ ಪಾಲು ಪ್ರೋಟೀನುಗಳ ಹಿಡಿತದಲ್ಲಿರುವುದರಿಂದ ವಾಸ್ತವದಲ್ಲಿ ಅದಕ್ಕೂ ಮೊದಲೇ. ಸಂಗ್ರಹವು ಆರಂಭಕ್ಕೆ ಸಾಕು, ಪ್ರಯಾಣಕ್ಕೆ ಸಾಲದು. ಪರೀಕ್ಷಕರು ಟೋಪೋಐಸೋಮರೇಸಿನ ಪಾತ್ರವೆಂದು ಕೇಳುವಾಗ ನಿರೀಕ್ಷಿಸುವ ಎರಡು ಮುಖಗಳೂ ಈ ಒಂದು ಲೆಕ್ಕದಲ್ಲಿ ಕೂಡಿಕೊಂಡಿವೆ.

ಗೈರೇಸ್ ಕೆಲಸ ಮಾಡುವ ಕ್ರಮವನ್ನು ನಾಲ್ಕಾರು ವಾಕ್ಯಗಳಲ್ಲಿ ಹೇಳಿದರೆ ಸಾಕು. ಅದು ಡಿಎನ್‌ಎಯ ಒಂದು ಭಾಗವನ್ನು ಸುತ್ತಿ ಹಿಡಿದು, ಅದರ ಎರಡೆಳೆಗಳನ್ನೂ ಕತ್ತರಿಸಿ, ಕತ್ತರಿಸಿದ 5' ತುದಿಗಳನ್ನು ತನ್ನ ಟೈರೋಸೀನ್‌ಗಳಿಗೆ ಬಂಧಿಸಿಟ್ಟುಕೊಳ್ಳುತ್ತದೆ. ತುದಿಗಳು ಕೈಬಿಟ್ಟು ಹೋಗದಿರುವುದಕ್ಕೆ ಈ ಬಂಧವೇ ಆಧಾರ. ಆ ದ್ವಾರದ ಮೂಲಕ ಪಕ್ಕದ ಇನ್ನೊಂದು ಭಾಗವನ್ನು ಎಟಿಪಿಯ ನೆರವಿನಿಂದ ದಾಟಿಸಿ, ಮತ್ತೆ ತುದಿಗಳನ್ನು ಬೆಸೆಯುತ್ತದೆ. ವಾಂಗ್ ಕಂಡ ಟೋಪೋಐಸೋಮರೇಸ್ ಒಂದು ಇದಕ್ಕಿಂತ ಭಿನ್ನವಾದುದು: ಅದು ಒಂದೇ ಎಳೆಯನ್ನು ಕತ್ತರಿಸುವುದು, ಎಟಿಪಿಯನ್ನು ಬೇಡದು, ಮತ್ತು ಇ. ಕೋಲೈಯಲ್ಲಿ ಋಣ ಅತಿಸುರುಳಿಯನ್ನು ಮಾತ್ರ ಸಡಿಲಿಸುವುದು. ಆದುದರಿಂದ ಕವಲಿನ ಮುಂದಣ ಧನ ಅತಿಸುರುಳಿಯನ್ನು ಟೋಪೋಐಸೋಮರೇಸ್ ಒಂದು ನಿವಾರಿಸುತ್ತದೆಂದು ಇ. ಕೋಲೈಯ ಸಂದರ್ಭದಲ್ಲಿ ಬರೆಯುವುದು ತಪ್ಪು. ಅದರ ಧರ್ಮವು ಗೈರೇಸಿನ ಅತಿರೇಕವನ್ನು ತಡೆದು, ಕೊರತೆಯನ್ನು ಹದದಲ್ಲಿಡುವುದು.

ಇಷ್ಟೆಲ್ಲ ಪಾತ್ರವಿಭಾಗವು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಸಾಕ್ಷ್ಯವು ತಾಪಕ್ಕೆ ಸೋಲುವ ರೂಪಾಂತರ ತಳಿಗಳಿಂದ ದೊರೆಯಿತು. 30 ಡಿಗ್ರಿಯಲ್ಲಿ ಸುಖವಾಗಿ ಬೆಳೆಯುವ, 42 ಡಿಗ್ರಿಗೆ ಏರಿಸಿದರೆ ಒಂದು ಗೊತ್ತಾದ ಪ್ರೋಟೀನು ಕೆಡುವ ತಳಿಗಳವು. ಡ್ನಾ-ಬಿ ಕೆಡುವ ತಳಿಯಲ್ಲಿ ತಾಪವೇರಿದೊಡನೆ ಡಿಎನ್‌ಎ ನಿರ್ಮಾಣವು ಥಟ್ಟನೆ ನಿಲ್ಲುತ್ತದೆ. ಓಡುತ್ತಿರುವ ಕವಲಿಗೆ ಹೆಲಿಕೇಸ್ ಕ್ಷಣಕ್ಷಣಕ್ಕೂ ಬೇಕೆಂಬುದಕ್ಕೆ ಇದೇ ಪ್ರಮಾಣ. ಡ್ನಾ-ಎ ಕೆಡುವ ತಳಿಯಲ್ಲಾದರೆ ಈಗಾಗಲೇ ಹೊರಟ ಕವಲುಗಳು ತಮ್ಮ ಸುತ್ತನ್ನು ಪೂರೈಸುತ್ತವೆ, ನಿರ್ಮಾಣವು ಮೆಲ್ಲಮೆಲ್ಲನೆ ಇಳಿದು ನಿಲ್ಲುತ್ತದೆ, ಹೊಸ ಸುತ್ತು ಮಾತ್ರ ಮೊದಲಾಗುವುದಿಲ್ಲ. ಡ್ನಾ-ಸಿಯ ಹಲವು ರೂಪಾಂತರಗಳೂ ಹೀಗೆಯೇ ನಿಧಾನವಾಗಿ ನಿಲ್ಲುವಂಥವು. ಹೆಲಿಕೇಸನ್ನು ಕೂರಿಸುವುದೇ ಅದರ ಮುಖ್ಯ ಕೆಲಸವೆಂಬುದು ಇದರಿಂದ ಸಿದ್ಧವಾಗುತ್ತದೆ. ಗೈರೇಸಿನ ಪಾತ್ರಕ್ಕೆ ಸಾಕ್ಷ್ಯವಾಗಿ ಎಲ್ಲರಿಗೂ ಪರಿಚಿತವಾದ ಸಿಪ್ರೋಫ್ಲಾಕ್ಸಸಿನ್ ಔಷಧಿಯನ್ನೇ ಹೆಸರಿಸಬಹುದು: ಅದು ಗೈರೇಸ್ ಎಳೆಗಳನ್ನು ಕತ್ತರಿಸಿ ಹಿಡಿದಿರುವ ಸ್ಥಿತಿಯಲ್ಲಿಯೇ ಕಿಣ್ವವನ್ನು ಸೆರೆಹಿಡಿಯುವುದರಿಂದ ಬೆಸುಗೆ ಬೀಳದೆ, ಬಂದ ಕವಲು ಅಲ್ಲಿ ಮುಗ್ಗರಿಸಿ, ಬ್ಯಾಕ್ಟೀರಿಯಾ ನಾಶವಾಗುತ್ತದೆ. ನೋವೋಬಯೋಸಿನ್ ಎಂಬ ಇನ್ನೊಂದು ಔಷಧಿಯು ಗೈರೇಸಿಗೆ ಎಟಿಪಿ ಸೇರದಂತೆ ಮಾಡಿ ಋಣ ಅತಿಸುರುಳಿಯ ನಿರ್ಮಾಣವನ್ನೇ ತಡೆಯುತ್ತದೆ.

ಆರಂಭವು ಒಂದು ಸುತ್ತಿಗೆ ಒಂದೇ ಸಲವಾಗಬೇಕೆಂಬ ನಿಯಮವನ್ನು ಸಂಕ್ಷೇಪವಾಗಿ ಹೇಳಿದರಾಯಿತು. ಓರಿ-ಸಿಯಲ್ಲಿ ಗ್ವಾನೀನ್, ಅಡೆನೀನ್, ಥೈಮೀನ್, ಸೈಟೊಸೀನ್ ಎಂಬ ನಾಲ್ಕರ ಕ್ರಮವು 11 ಕಡೆ ಬರುತ್ತದೆ. ಅಲ್ಲಿಯ ಅಡೆನೀನ್‌ಗೆ ಮೀಥೈಲ್ ಗುಂಪು ಅಂಟಿರುತ್ತದೆ. ಹೊಸದಾಗಿ ನಿರ್ಮಿತವಾದ ಎಳೆಯಲ್ಲಿ ಆ ಗುಂಪು ಇನ್ನೂ ಸೇರಿರುವುದಿಲ್ಲವಾಗಿ, ಸೆಕ್-ಎ ಎಂಬ ಪ್ರೋಟೀನು ಆ ಅರೆಗುರುತನ್ನು ಕಂಡು ಉಗಮಸ್ಥಾನವನ್ನು ಒಂದು ತಲೆಮಾರಿನ ಅವಧಿಯ ಸುಮಾರು ಮೂರನೆಯ ಒಂದು ಭಾಗದವರೆಗೆ ಮುಚ್ಚಿಡುತ್ತದೆ.

ಕೊನೆಯ ಕಂಡಿಕೆಯನ್ನು ನ್ಯೂಕ್ಲಿಯಸ್ಸುಳ್ಳ ಜೀವಿಗಳಿಗೆ ಮೀಸಲಿಡಬಹುದು, ಆದರೆ ಹೆಸರುಗಳ ಪಟ್ಟಿಯಾಗಿ ಅಲ್ಲ, ಒಂದೇ ಒಂದು ಭೇದವನ್ನು ತೋರಿಸುವುದಕ್ಕಾಗಿ. ನಮ್ಮ ಜೀವಕೋಶಗಳಲ್ಲಿ ಉಗಮಸ್ಥಾನಗಳು ಹತ್ತಾರು ಸಾವಿರ. ಅವನ್ನು ಗುರುತಿಸುವ ಪ್ರೋಟೀನುಗಳ ಕೂಟಕ್ಕೆ ಓಆರ್‌ಸಿ ಎಂದೂ, ಅಲ್ಲಿ ಕೂರುವ ಹೆಲಿಕೇಸ್ ಉಂಗುರಕ್ಕೆ ಎಂಸಿಎಂ ಎಂದೂ ಹೆಸರು. ಇ. ಕೋಲೈಯಲ್ಲಿ ಎಳೆಗಳು ತೆರೆದ ಮೇಲೆ ಹೆಲಿಕೇಸ್ ಕೂರುವುದು; ಇಲ್ಲಿ ಎಳೆಗಳು ಇನ್ನೂ ಕೂಡಿರುವಾಗಲೇ, ಕೋಶಚಕ್ರದ ಜಿ-1 ಹಂತದಲ್ಲಿ, ಎರಡು ಎಂಸಿಎಂ ಉಂಗುರಗಳು ಮುಖಾಮುಖಿಯಾಗಿ ಎರಡೆಳೆಯನ್ನೂ ಬಳಸಿ ಕುಳಿತು ನಿಶ್ಚಲವಾಗಿ ಕಾದಿರುತ್ತವೆ. ಎಸ್ ಹಂತದಲ್ಲಿ ನಿಯಂತ್ರಕ ಕೈನೇಸ್‌ಗಳ ಆಜ್ಞೆಯಾಗಿ, ಸಿಡಿಸಿ-45 ಮತ್ತು ಜಿನ್ಸ್ ಎಂಬ ಸಹಾಯಕರು ಬಂದು ಸೇರಿದ ಮೇಲೆಯೇ ಉಂಗುರಗಳು ಎಚ್ಚೆತ್ತು, ಒಂದೊಂದು ಎಳೆಯನ್ನು ಹೊರಗೆ ಬಿಟ್ಟು, ಡ್ನಾ-ಬಿಗೆ ವಿರುದ್ಧವಾಗಿ 3' ತುದಿಯಿಂದ 5' ತುದಿಯ ಕಡೆಗೆ, ಮುಂದೆಳೆಗೆ ಅಚ್ಚಾಗುವ ಎಳೆಯ ಮೇಲೆ ಚಲಿಸತೊಡಗುತ್ತವೆ. ಹಾಗೆ ಚಲಿಸುವಾಗ ಮುಂದಕ್ಕೆ ದೂಡಲ್ಪಡುವ ಹೊಸೆತವನ್ನು ಕಳೆಯಲು ಅಲ್ಲಿ ಗೈರೇಸ್ ಇಲ್ಲ. ಧನ, ಋಣಗಳೆರಡನ್ನೂ ಸಡಿಲಿಸಬಲ್ಲ, ಆ ಜೀವಿಗಳದೇ ಆದ ಟೋಪೋಐಸೋಮರೇಸ್ ಒಂದು ಮತ್ತು ಎರಡು ಆ ಕಾರ್ಯವನ್ನು ನಿರ್ವಹಿಸುತ್ತವೆ.